30 ವರ್ಷ ಬಾಳುವ ಬ್ಯಾಟರಿ, ಮಳೆಗಾಲದ ಎಸ್ಟೇಟು ಮತ್ತು 57.6 ವೋಲ್ಟ್

ನಿಕ್ಕಲ್-ಐರನ್ ಬ್ಯಾಟರಿ ಬಗ್ಗೆ ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಸಕಲೇಶಪುರದ ಕಡೆಯ ಒಂದು ಕಾಫಿ ಎಸ್ಟೇಟು. ಅಲ್ಲಿನ ಸಿಟ್ಟು ನನಗೆ ಇನ್ನೂ ಪೂರ್ತಿ ಇಳಿದಿಲ್ಲ.

ಸಿಸ್ಟಂ ಹಾಕಿದ್ದು ನಮ್ಮ ಕಂಪನಿಯವರೇ. ಮೊದಲಿದ್ದ ಸೀಸದ ಟ್ಯೂಬ್ಯುಲರ್ ಬ್ಯಾಟರಿಗಳು ಸತ್ತಿದ್ದವು. ಅವನ್ನು ತೆಗೆದು, ಹೊರದೇಶದಿಂದ ತರಿಸಿದ 300 ಆಂಪಿಯರ್-ಅವರ್‌ನ 40 ನಿಕ್ಕಲ್-ಐರನ್ ಸೆಲ್ ಕೂರಿಸಿದ್ದರು. ಒಂದು ಸೆಲ್ 1.2 ವೋಲ್ಟ್, 40 ಸೇರಿದರೆ 48. ಹಳೇ ಇನ್ವರ್ಟರ್ ಕೂಡ 48 ವೋಲ್ಟಿನದೇ. ಲೆಕ್ಕ ಸರಿಹೋಯಿತಲ್ಲ ಅಂತ ಸೆಟ್ಟಿಂಗ್ ಮುಟ್ಟದೆ ಬಂದುಬಿಟ್ಟಿದ್ದರು. ಬೇಸಿಗೆ ಹೇಗೋ ಕಳೆಯಿತು. ಜುಲೈನಲ್ಲಿ ಮಳೆ ಹಿಡಿದ ಮೇಲೆ ಎಸ್ಟೇಟಿನ ಮಾಲೀಕ ಗೌಡರ ಫೋನ್ ಶುರುವಾಯಿತು. ಸಂಜೆ ದೀಪ ಹಚ್ಚಿ ಎರಡು ಗಂಟೆ ಆಗುವಷ್ಟರಲ್ಲಿ ಇನ್ವರ್ಟರ್ 'ಬ್ಯಾಟರಿ ಲೋ' ಅಂತ ಕೂಗುತ್ತಿತ್ತು.

ನಾನು ಹೋದಾಗ ಎಸ್ಟೇಟಿನ ರೈಟರ್, ಸೆಲ್ಲಿನ ದ್ರಾವಣ ಎಷ್ಟು ಗಟ್ಟಿ ಇದೆ ಅಂತ ಹೇಳುವ ಗ್ರ್ಯಾವಿಟಿ ಅಂಕಿ ಬರೆದಿಟ್ಟ ಪುಸ್ತಕ ತೋರಿಸಿದರು. ಪ್ರತಿ ಸಾಲಿನಲ್ಲೂ 1200, 1200, 1200.

"ನೋಡಿ ಸಾರ್, ಯಾವತ್ತೂ ಮೇಲೆ ಏರೇ ಇಲ್ಲ. ಚಾರ್ಜೇ ಕುಡೀತಿಲ್ಲ ಇದು" ಅಂದರು.

ಸೀಸದ ಬ್ಯಾಟರಿ ನೋಡಿಕೊಂಡು ಬಂದವರು ಹಾಗೆ ಅಂದುಕೊಳ್ಳುವುದು ಸಹಜ. ಅದರಲ್ಲಿ ಚಾರ್ಜ್ ಏರಿದಂತೆ ಆಸಿಡ್ ಗಟ್ಟಿಯಾಗುತ್ತದೆ, 1200 ಅಂದರೆ ಅರೆಬರೆ ಚಾರ್ಜ್. ನಿಕ್ಕಲ್-ಐರನ್‌ನಲ್ಲಿ ಇರುವುದು ಆಸಿಡ್ ಅಲ್ಲ, ಕಾಸ್ಟಿಕ್ ಪೊಟ್ಯಾಶ್ ದ್ರಾವಣ. ಅದು ಕರೆಂಟ್ ಸಾಗಿಸುತ್ತದೆ ಅಷ್ಟೇ, ಚಾರ್ಜ್ ತುಂಬಿದರೂ ಖಾಲಿಯಾದರೂ ಗ್ರ್ಯಾವಿಟಿ ಸುಮಾರು 1200ರಲ್ಲೇ ಇರುತ್ತದೆ. ಆಮೇಲೆ ನಾನು ಕೇಳಿದ್ದು, "ಈ ಹೈಡ್ರೋಮೀಟರ್ ಎಲ್ಲಿಂದ ತಂದ್ರಿ?" ಜೀಪಿನ ಬ್ಯಾಟರಿಗೆ ಬಳಸುತ್ತಿದ್ದದ್ದೇ ಅಂದರು. ಈ ಸೆಲ್‌ಗಳಿಗೆ ಆಸಿಡ್ ವಿಷ. ಜೀಪಿನ ಹೈಡ್ರೋಮೀಟರ್, ಫನೆಲ್, ನೀರಿನ ಕ್ಯಾನ್ ಯಾವುದೂ ಇದರ ಹತ್ತಿರ ಸುಳಿಯಬಾರದು. ಪುಣ್ಯಕ್ಕೆ ಅವರು ಪ್ರತಿ ಸಲ ಚೆನ್ನಾಗಿ ತೊಳೆದು ಬಳಸುತ್ತಿದ್ದರು.

ಲೋಡ್ ಕೊಟ್ಟು ಒಂದೊಂದೇ ಸೆಲ್ ವೋಲ್ಟೇಜ್ ನೋಡಿದೆ. ಸೆಲ್ ಕೆಟ್ಟಿದ್ದರೆ ಒಂದೋ ಎರಡೋ ಕುಸಿದಿರುತ್ತವೆ, ಉಳಿದವು ನಿಂತಿರುತ್ತವೆ. ಇಲ್ಲಿ 40ಕ್ಕೆ 40 ಸೆಲ್ಲೂ 1.05ರ ಆಸುಪಾಸು. ಅಂದರೆ ಕೆಟ್ಟಿರುವುದು ಸೆಲ್ ಅಲ್ಲ, ಎಲ್ಲವೂ ಒಂದೇ ಸಮ ಹಸಿದಿವೆ. ಇನ್ವರ್ಟರ್ ಮೆನು ತೆರೆದೆ. ಬ್ಯಾಟರಿ ಪೂರ್ತಿ ತುಂಬಿಸುವ ಬೂಸ್ಟ್ ವೋಲ್ಟೇಜ್ 57.6 ಅಂತಿತ್ತು. ಸೀಸದ ಬ್ಯಾಟರಿಗೆ ಅದು ಸರಿಯಾದ ಅಂಕಿ. ಆದರೆ 40 ಸೆಲ್‌ಗೆ ಹಂಚಿದರೆ ತಲಾ 1.44 ಬರುತ್ತದೆ. ಸುಮ್ಮನೆ ಇಟ್ಟ ನಿಕ್ಕಲ್-ಐರನ್ ಸೆಲ್ಲೇ 1.37ರಿಂದ 1.4 ತೋರಿಸುತ್ತದೆ. ಅದನ್ನು ತುಂಬಬೇಕಾದರೆ 1.65 ಆದರೂ ಬೇಕು, ಒಟ್ಟು 66 ವೋಲ್ಟ್. ಹಾಕಿದ ದಿನದಿಂದ ಈ ಬ್ಯಾಟರಿ ಒಂದು ದಿನವೂ ಹೊಟ್ಟೆ ತುಂಬ ಚಾರ್ಜ್ ಆಗಿರಲಿಲ್ಲ.

ಹಾಗಾದರೆ 66ಕ್ಕೆ ಏರಿಸಿದರಾಯಿತು ಅಲ್ವಾ? ಆ ಇನ್ವರ್ಟರ್ 60 ದಾಟಿದರೆ 'ಓವರ್ ವೋಲ್ಟೇಜ್' ಅಂತ ಟ್ರಿಪ್ ಆಗುತ್ತದೆ. ಕೆಳಗೆ 42ಕ್ಕೆ ಕಟ್ ಆಗುತ್ತದೆ. ಈ ಬ್ಯಾಟರಿಗೋ 40ರಿಂದ 66ರ ತನಕ ಜಾಗ ಬೇಕು. ಬೆಂಗಳೂರಿನ ಆಫೀಸಿಗೆ ಫೋನ್ ಮಾಡಿ, ಇಷ್ಟು ಅಗಲದ ರೇಂಜ್ ತಡೆಯುವ ಇನ್ವರ್ಟರ್ ಬೇಕು ಅಂದೆ. "ಕೊಟೇಶನ್‌ನಲ್ಲಿ ಇನ್ವರ್ಟರ್ ಇಲ್ಲ, ಇರೋದರಲ್ಲೇ ಅಡ್ಜಸ್ಟ್ ಮಾಡಿ" ಅಂದರು ಮ್ಯಾನೇಜರ್.

ಮೊದಲು ಬ್ಯಾಟರಿಯನ್ನು ಒಂದು ಸಲ ಪೂರ್ತಿ ತುಂಬಬೇಕಿತ್ತು. ಇನ್ವರ್ಟರ್ ಕಡೆಯ ಎಂಸಿಬಿ ಇಳಿಸಿ, ವರ್ಕ್‌ಶಾಪಿನಿಂದ ತಂದ ಚಾರ್ಜರನ್ನು ಹೊರಗಿನ ಜಗಲಿಯಲ್ಲಿಟ್ಟು, ಜನರೇಟರಿನಿಂದ 50 ಆಂಪಿಯರ್ ಹೊಡೆಸಿದೆ. ರೂಮಿನ ಎರಡೂ ಕಿಟಕಿ ತೆರೆಸಿದ್ದೆ. ಹೊತ್ತು ಕಳೆದಂತೆ ವೋಲ್ಟೇಜ್ 64 ದಾಟಿತು. ಸೆಲ್ಲುಗಳೊಳಗೆ ಗುಳುಗುಳು ಸದ್ದು ಶುರುವಾಯಿತು. ಚಾರ್ಜ್ ತುಂಬುತ್ತಿರುವ ಲಕ್ಷಣ ಅದು. ನಾನು ಊಟಕ್ಕೆ ಹೋದೆ.

ವಾಪಸ್ ಬರುವಾಗ ಮಳೆ ಅಡ್ಡಡ್ಡ ಬಾರಿಸುತ್ತಿತ್ತು. ದೂರದಿಂದಲೇ ಕಂಡಿತು: ಇರಚಲು ಹೊಡೆಯುತ್ತದೆ ಅಂತ ಯಾರೋ ಕಿಟಕಿ ಮುಚ್ಚಿ ಟಾರ್ಪಾಲ್ ಕಟ್ಟಿದ್ದಾರೆ. ಬಾಗಿಲೂ ಮುಚ್ಚಿದೆ. ರೈಟರ್ ಬಾಗಿಲು ಅರ್ಧ ತೆಗೆದು, ಒಳಗೆ ಘಾಟು ಅಂತ ಎಕ್ಸಾಸ್ಟ್ ಫ್ಯಾನಿನ ಸ್ವಿಚ್ಚಿಗೆ ಕೈ ಚಾಚುತ್ತಿದ್ದಾರೆ.

"ಮುಟ್ಟಬೇಡಿ! ಸ್ವಿಚ್ ಮುಟ್ಟಬೇಡಿ, ಹೊರಗೆ ಬನ್ನಿ!" ಅಂತ ಕಿರುಚಿದೆ. ಅವರು ಗಾಬರಿಯಿಂದ ಕೈ ಹಾಗೇ ಮೇಲಿಟ್ಟುಕೊಂಡು ನಿಂತರು. ಮಳೆ ಸದ್ದಿಗೆ ಕೇಳಿಸಿತೋ ಇಲ್ಲವೋ ಗೊತ್ತಾಗಲಿಲ್ಲ. ಮತ್ತೊಮ್ಮೆ ಕೂಗಿದೆ. ಬಂದರು. ಓಡಿಹೋಗಿ ಜನರೇಟರ್ ನಿಲ್ಲಿಸಿದೆ. ಟಾರ್ಪಾಲ್ ಕಿತ್ತು, ಕಿಟಕಿಗಳನ್ನು ಹೊರಗಿನಿಂದಲೇ ಎಳೆದು ತೆಗೆದೆವು. ಬಹಳ ಹೊತ್ತು ಯಾರನ್ನೂ ಒಳಗೆ ಬಿಡಲಿಲ್ಲ, ಟಾರ್ಚ್ ಹಾಕುವುದಕ್ಕೂ ಬಿಡಲಿಲ್ಲ.

ಅವತ್ತು ರಾತ್ರಿ ಕೂತು ಲೆಕ್ಕ ಹಾಕಿದೆ. ತುಂಬಿದ ಸೆಲ್ಲಿಗೆ ಹೋದ ಪ್ರತಿ ಆಂಪಿಯರ್-ಅವರ್ ನೀರನ್ನು ಒಡೆದು ಸುಮಾರು 0.45 ಲೀಟರ್ ಹೈಡ್ರೋಜನ್ ಮಾಡುತ್ತದೆ. 50 ಆಂಪಿಯರ್, 40 ಸೆಲ್: ಗಂಟೆಗೆ 900 ಲೀಟರ್. ಆ ರೂಮು ಎಂಟಡಿ ಉದ್ದ, ಎಂಟಡಿ ಅಗಲ, ಎಂಟಡಿ ಎತ್ತರ, ಅಂದರೆ ಸುಮಾರು 14,500 ಲೀಟರ್ ಗಾಳಿ. ಹೈಡ್ರೋಜನ್ ನೂರಕ್ಕೆ 4 ಭಾಗ ಸೇರಿದರೆ ಕಿಡಿಗೆ ಹತ್ತಿಕೊಳ್ಳುತ್ತದೆ. ಪೂರ್ತಿ ಮುಚ್ಚಿದ ರೂಮಿನಲ್ಲಿ ಅದಕ್ಕೆ ಮುಕ್ಕಾಲು ಗಂಟೆ ಸಾಕು. ಹಗುರವಾದ ಗ್ಯಾಸ್ ಮೇಲಕ್ಕೇ ಹೋಗುವುದರಿಂದ ಚಾವಣಿ ಹತ್ತಿರ ಇನ್ನೂ ಬೇಗ. ಫ್ಯಾನ್ ಇದ್ದದ್ದು ಅಲ್ಲೇ.

ಸೀಸದ ಬ್ಯಾಟರಿಯೂ ಚಾರ್ಜಿನ ಕೊನೆಗೆ ಗ್ಯಾಸ್ ಬಿಡುತ್ತದೆ. ಆದರೆ ಸೀಸದ ಮೇಲೆ ಹೈಡ್ರೋಜನ್ ಹುಟ್ಟುವುದು ಕಷ್ಟ. ಕಬ್ಬಿಣದ ಕಥೆ ಬೇರೆ. ಕ್ಷಾರದಲ್ಲಿ ಕಬ್ಬಿಣ ಚಾರ್ಜ್ ಆಗುವ ಮಟ್ಟಕ್ಕೂ ನೀರಿನಿಂದ ಹೈಡ್ರೋಜನ್ ಹೊರಡುವ ಮಟ್ಟಕ್ಕೂ ಬರೀ 0.05 ವೋಲ್ಟ್ ಅಂತರ, ಅದರಲ್ಲೂ ಹೈಡ್ರೋಜನ್ನೇ ಮೊದಲು. ಹಾಗಾಗಿ ಕಬ್ಬಿಣಕ್ಕೆ ಅಂತ ಕೊಟ್ಟ ಕರೆಂಟಿನಲ್ಲಿ ಒಂದು ಪಾಲು ಯಾವಾಗಲೂ ನೀರಿಗೆ ಹೋಗುತ್ತದೆ. ಚಾರ್ಜ್ ನಿಲ್ಲಿಸಿದ ಮೇಲೂ ಕಬ್ಬಿಣ ಸುಮ್ಮನಿರದೆ ನೀರಿನ ಜೊತೆ ನಿಧಾನವಾಗಿ ಸೇರಿಕೊಂಡು ಖಾಲಿಯಾಗುತ್ತಾ ಹೋಗುತ್ತದೆ. ತಿಂಗಳಿಗೆ ನೂರಕ್ಕೆ 20ರಿಂದ 30 ಪಾಲು ಚಾರ್ಜ್ ಹೀಗೇ ಇಳಿಯುತ್ತದೆ. ದೊಡ್ಡ ಬ್ಯಾಟರಿಗಳ ದೊಡ್ಡ ಗಿರಾಕಿಗಳಲ್ಲಿ ಯುಪಿಎಸ್, ಟೆಲಿಕಾಂ ಟವರಿನವರೂ ಇದ್ದಾರೆ. ಅವರಿಗೆ ಬೇಕಾದದ್ದು ತಿಂಗಳುಗಟ್ಟಲೆ ಸುಮ್ಮನಿದ್ದು, ಕರೆಂಟ್ ಹೋದಾಗ ಪೂರ್ತಿ ಕೊಡುವ ಬ್ಯಾಟರಿ. ಅವರು ಇದನ್ನು ಯಾಕೆ ತಗೊಳ್ಳುತ್ತಾರೆ?

ಗೌಡರು ಮಾತ್ರ ಬೇರೆಯದೇ ಹೇಳುತ್ತಿದ್ದರು. "ಮೊಬೈಲಲ್ಲಿ ಬಂದಿತ್ತು ಕಣ್ರೀ. ಎಡಿಸನ್ ಮಾಡಿದ್ದ ಬ್ಯಾಟರಿ, ನೂರು ವರ್ಷ ಆದ್ರೂ ಕೆಲಸ ಮಾಡ್ತದಂತೆ. ಐದೈದು ವರ್ಷಕ್ಕೆ ಹೊಸದು ಮಾರೋಕೆ ಆಗಲ್ಲ ಅಂತ ಕಂಪನಿಯವರೇ ಮುಚ್ಚಿಹಾಕಿದ್ರಂತೆ."

ಅರ್ಧ ನಿಜ. ಸ್ವೀಡನ್ನಿನ ಯುಂಗ್ನರ್ 1899ರ ಹೊತ್ತಿಗೆ ಇದನ್ನು ಕಂಡುಹಿಡಿದ. ಎಡಿಸನ್ 1901ರಲ್ಲಿ ಪೇಟೆಂಟ್ ಪಡೆದು, ಸೋರುತ್ತಿದ್ದ ಮೊದಲ ಮಾದರಿಯನ್ನು ವಾಪಸ್ ತರಿಸಿಕೊಂಡು, ವರ್ಷಗಟ್ಟಲೆ ತಿದ್ದಿ ಮತ್ತೆ ಬಿಟ್ಟ. ಅವನಿಗೆ ಬೇಕಿದ್ದದ್ದು ಎಲೆಕ್ಟ್ರಿಕ್ ಕಾರಿನ ಬ್ಯಾಟರಿ. 1912ರಲ್ಲಿ ಕ್ಯಾಡಿಲಾಕ್ ಕಾರಿಗೆ ಸೆಲ್ಫ್ ಸ್ಟಾರ್ಟರ್ ಬಂದಾಗ ಒಂದೇ ಏಟಿಗೆ ನೂರಾರು ಆಂಪಿಯರ್ ಕೊಡುವ ಬ್ಯಾಟರಿ ಬೇಕಾಯಿತು. ಒಳಗಿನ ತಡೆ ಜಾಸ್ತಿ ಇರುವ ನಿಕ್ಕಲ್-ಐರನ್‌ಗೆ ಅದು ಆಗದ ಕೆಲಸ, ಚಳಿಯಲ್ಲಂತೂ ಸಾಧ್ಯವೇ ಇಲ್ಲ. ಗಣಿ ಲೋಕೋ, ರೈಲು, ಫೋರ್ಕ್‌ಲಿಫ್ಟ್ ಕೆಲಸದಲ್ಲಿ ಅದು ದಶಕಗಟ್ಟಲೆ ದುಡಿಯಿತು. 1972ರಲ್ಲಿ ಎಡಿಸನ್ನನ ಬ್ಯಾಟರಿ ಕಂಪನಿಯನ್ನು ಸೀಸದ ಬ್ಯಾಟರಿ ಮಾಡುವ ಎಕ್ಸೈಡ್ ಕೊಂಡಿತು, 1975ರಲ್ಲಿ ಈ ಬ್ಯಾಟರಿ ನಿಲ್ಲಿಸಿತು. ಫಾರ್ವರ್ಡ್ ಮೆಸೇಜುಗಳು ಹಿಡಿದುಕೊಳ್ಳುವುದು ಈ ಕೊನೇ ಸಾಲನ್ನು ಮಾತ್ರ. ಆ 0.05 ವೋಲ್ಟ್ ಬಗ್ಗೆ ಯಾರೂ ಬರೆಯುವುದಿಲ್ಲ.

ಬಾಳಿಕೆ ಮಾತ್ರ ಸುಳ್ಳಲ್ಲ, ಅದನ್ನು ನಾನು ಮನಸ್ಸಿನಿಂದ ಮೆಚ್ಚುತ್ತೇನೆ. ಸೀಸದ ಬ್ಯಾಟರಿಯನ್ನು ಅರ್ಧ ಚಾರ್ಜಿನಲ್ಲಿ ಇಷ್ಟು ಕಾಲ ಇಟ್ಟಿದ್ದರೆ ಸಲ್ಫೇಟ್ ಗಟ್ಟಿ ಹಿಡಿದು ಪ್ಲೇಟು ಮುಗಿದೇ ಹೋಗಿರುತ್ತಿತ್ತು. ಇಲ್ಲಿ ಪ್ಲೇಟಿನ ವಸ್ತು ಕ್ಷಾರದಲ್ಲಿ ಹೆಚ್ಚುಕಡಿಮೆ ಕರಗುವುದೇ ಇಲ್ಲ, ಕಳಚಿ ಬೀಳುವುದಿಲ್ಲ, ಹಿಡಿದಿರುವ ಸ್ಟೀಲು ತುಕ್ಕು ಹಿಡಿಯುವುದಿಲ್ಲ. ಅವತ್ತಿನ ಬೂಸ್ಟ್ ಮಾರನೇ ದಿನ ಕಿಟಕಿ ತೆರೆದಿಟ್ಟು, ಒಬ್ಬರನ್ನು ಕಾವಲಿಗೆ ಕೂರಿಸಿ ಮುಗಿಸಿದ ಮೇಲೆ, 40 ಸೆಲ್ಲೂ ಏನೂ ಆಗಿಲ್ಲವೆಂಬಂತೆ ಎದ್ದು ಕೂತವು. ಆದರೂ 30 ವರ್ಷ ಅಂದರೆ ಮುಟ್ಟದೆ 30 ವರ್ಷ ಅಲ್ಲ. ಪೊಟ್ಯಾಶ್ ಗಾಳಿಯ ಕಾರ್ಬನ್ ಡೈಆಕ್ಸೈಡ್ ಹೀರಿ ಕಾರ್ಬೊನೇಟ್ ಆಗುತ್ತದೆ, ಬ್ಯಾಟರಿ ಮಂಕಾಗುತ್ತದೆ. ನಡುವೆ ದ್ರಾವಣ ಪೂರ್ತಿ ಬದಲಿಸಬೇಕು. ಕಣ್ಣಿಗೆ ಹಾರಿದರೆ ಕಣ್ಣೇ ಹೋಗುವ ದ್ರಾವಣ ಅದು.

ಗೌಡರಿಗೆ ದಿನದ ಲೆಕ್ಕವನ್ನೂ ಬರೆದು ತೋರಿಸಿದೆ. ಅವರ ರಾತ್ರಿ ಖರ್ಚು 5 ಯೂನಿಟ್. ಈ ಬ್ಯಾಟರಿ ಹಾಕಿದ್ದರಲ್ಲಿ ನೂರಕ್ಕೆ 65 ವಾಪಸ್ ಕೊಡುತ್ತದೆ, ಅಂದರೆ ಪ್ಯಾನೆಲಿನಿಂದ 7.7 ಯೂನಿಟ್ ಬೇಕು. ನೂರಕ್ಕೆ 92 ಕೊಡುವ ಲಿಥಿಯಂ ಆಗಿದ್ದರೆ 5.4 ಸಾಕಿತ್ತು. ಅವರ 3 ಕಿಲೋವ್ಯಾಟ್ ಪ್ಯಾನೆಲ್ ಜುಲೈನ ಮೋಡದಲ್ಲಿ 6 ಯೂನಿಟ್ ಕೊಟ್ಟರೆ ಹೆಚ್ಚು. ಮಲೆನಾಡಿನಲ್ಲಿ ಬಿಸಿಲು ತೀರಾ ಕಡಿಮೆ ಇರುವ ತಿಂಗಳಲ್ಲೇ ಈ ಬ್ಯಾಟರಿಯ ಪೋಲು ಕಣ್ಣಿಗೆ ಹೊಡೆಯುತ್ತದೆ. ನೀರಿನ ಬಾಬ್ತು ಬೇರೆ. ದಿನಕ್ಕೆ ಸುಮಾರು 25 ಆಂಪಿಯರ್-ಅವರ್ ನೀರೊಡೆಯಲು ಹೋದರೂ, ಪ್ರತಿ ಸೆಲ್ಲಿಗೆ 8 ಎಂಎಲ್‌ಗೂ ಜಾಸ್ತಿ. 40 ಸೆಲ್ಲಿಗೆ ತಿಂಗಳಿಗೆ 10 ಲೀಟರ್ ಡಿಸ್ಟಿಲ್ಡ್ ವಾಟರ್, ಒಂದೊಂದೇ ಕ್ಯಾಪ್ ತೆಗೆದು ತುಂಬಬೇಕು.

ಕೊನೆಗೆ ಎರಡು ಸೆಲ್ ತೆಗೆದು 38ಕ್ಕೆ ಇಳಿಸಿದೆ. ಇನ್ವರ್ಟರ್ ಹತ್ತಿರಹತ್ತಿರ 60 ಕೊಟ್ಟರೆ ತಲಾ 1.57 ಬರುತ್ತದೆ, ಪೂರ್ತಿ ಅಲ್ಲದಿದ್ದರೂ ಮುಕ್ಕಾಲು ವಾಸಿ. ಕೆಳಗೆ 42ಕ್ಕೆ ಕಟ್ ಆಗುವಾಗ ತಲಾ 1.1 ಇರುತ್ತದೆ, ಸ್ವಲ್ಪ ಚಾರ್ಜ್ ಒಳಗೇ ಉಳಿಯುತ್ತದೆ. 36ಕ್ಕೆ ಇಳಿಸಿದ್ದರೆ ಚಾರ್ಜ್ ಇನ್ನೂ ಚೆನ್ನಾಗಿ ಆಗುತ್ತಿತ್ತು, ಆದರೆ 1.17ಕ್ಕೇ ಕಟ್ ಆಗಿ ಒಳಗಿದ್ದದ್ದು ಕೈಗೆ ಸಿಗುತ್ತಿರಲಿಲ್ಲ. ಸ್ವಿಚ್ಚನ್ನು ರೂಮಿನ ಹೊರಗೆ ಹಾಕಿಸಿದೆ. ಚಾವಣಿಗೆ ತಾಗಿದಂತೆ ಎರಡು ಕಡೆ ಗೋಡೆ ಕೊರೆದು, ಮುಚ್ಚಲು ಬಾರದಂತೆ ಜಾಲರಿ ಕೂರಿಸಿದೆವು. ಗೌಡರು ಒಂದು ಕಿಲೋವ್ಯಾಟ್ ಪ್ಯಾನೆಲ್ ಹೆಚ್ಚಿಗೆ ಹಾಕಿಸಿದರು. ರೈಟರ್ ಈಗ ಗ್ರ್ಯಾವಿಟಿ ಬದಲು ವೋಲ್ಟೇಜ್ ಮತ್ತು ನೀರಿನ ಲೆಕ್ಕ ಬರೆಯುತ್ತಾರೆ.

ಆಫೀಸಿನಲ್ಲಿ ಇದನ್ನೆಲ್ಲ ರಿಪೋರ್ಟ್ ಮಾಡಿ, ಕೊಟೇಶನ್‌ನಲ್ಲಿ ಇನ್ವರ್ಟರಿನ ವೋಲ್ಟೇಜ್ ರೇಂಜು, ಹೆಚ್ಚುವರಿ ಪ್ಯಾನೆಲ್, ತಿಂಗಳ ನೀರು, ಗಾಳಿಕಿಂಡಿ ನಾಲ್ಕನ್ನೂ ಸೇರಿಸಿ ಅಂದೆ. ಸೇರಿಸಿದರೆ ರೇಟು ಲಿಥಿಯಂಗಿಂತ ಮೇಲೆ ಹೋಗುತ್ತದೆ, ಗಿರಾಕಿ ಓಡಿಹೋಗುತ್ತಾನೆ ಅಂದರು. ಹೋಗಲಿ ಬಿಡಿ. ಬೇಸಿಗೆಯಲ್ಲೂ ಮಳೆಯಲ್ಲೂ ಪ್ಯಾನೆಲಿಗೆ ಕೊರತೆ ಇಲ್ಲದ, ನೀರು ಹಾಕುವವರು ಮನೆಯಲ್ಲೇ ಇರುವ, ತೂಕಕ್ಕೂ ಜಾಗಕ್ಕೂ ಚಿಂತೆ ಇಲ್ಲದ ಗಿರಾಕಿ ಬಂದರೆ ನಾನೇ ನಿಂತು ಈ ಬ್ಯಾಟರಿ ಹಾಕಿಕೊಡುತ್ತೇನೆ. ಉಳಿದವರಿಗೆ 30 ವರ್ಷದ ಆಸೆ ತೋರಿಸಿ ಮಾರುವ ಕೊಟೇಶನ್‌ಗೆ ಇನ್ನು ಸಹಿ ಹಾಕುವುದಿಲ್ಲ ಅಂತ ಮ್ಯಾನೇಜರಿಗೆ ಬರೆದು ಕೊಟ್ಟಿದ್ದೇನೆ.