ತೊಟ್ಟಿಕ್ಕುವ ಗೇಟ್ ವಾಲ್ವಿಗೆ ಹೊಸ ಪ್ಯಾಕಿಂಗ್

ಜನವರಿ 11

ಗುಡ್ಡದ ಟ್ಯಾಂಕಿನಿಂದ ಅಡಿಕೆ ತೋಟಕ್ಕೆ ಇಳಿಯುವ ಎರಡು ಇಂಚಿನ ಪೈಪಿನಲ್ಲಿ ಹಳೆಯ ಗನ್‌ಮೆಟಲ್ ಗೇಟ್ ವಾಲ್ವ್ ಇದೆ. ಅದರ ಬುಡ ವಾರದಿಂದ ಒದ್ದೆ. ಮೊದಲು ಬಟ್ಟೆಯಿಂದ ಪೂರ್ತಿ ಒರೆಸಿ ಕಾದು ನೋಡಿದೆ. ಹನಿ ಮೂಡಿದ್ದು ವಾಲ್ವಿನ ಮೇಲ್ಮುಚ್ಚಳವಾದ ಬಾನೆಟ್‌ನ ಜೋಡಣೆಯಲ್ಲಿ ಅಲ್ಲ, ಚಕ್ರ ತಿರುಗಿಸುವ ಸರಳು, ಅಂದರೆ ಸ್ಪಿಂಡಲ್, ಚಕ್ರದ ಕೆಳಗೆ ಹೊರಬರುವ ಕಡೆ, ಗ್ಲ್ಯಾಂಡ್ ನಟ್‌ನ ತುಟಿಯಲ್ಲಿ. ಅಂದರೆ ಆ ನಟ್ ಒತ್ತಿ ಹಿಡಿಯುವ, ಸ್ಪಿಂಡಲ್ ಸುತ್ತ ನೀರು ತಡೆಯುವ ಒಳಗಿನ ಪ್ಯಾಕಿಂಗ್ ಸೋತಿದೆ. ಕೆಳಗೆ ಬಾಟಲಿ ಇಟ್ಟೆ; ಐದೂವರೆ ಗಂಟೆಯಲ್ಲಿ ಒಂದು ಲೀಟರ್ ತುಂಬಿತು.

ಸ್ಪ್ಯಾನರ್‌ನಲ್ಲಿ ನಟ್ ಸ್ವಲ್ಪ ಬಿಗಿ ಮಾಡಿದೆ. ಹನಿ ನಿಂತಿತು.

ಜನವರಿ 14

ಮತ್ತೆ ಸೋರಿಕೆ. ಇನ್ನಷ್ಟು ಬಿಗಿ ಮಾಡಲು ಹೋದರೆ ನಟ್ ತಳ ಮುಟ್ಟಿದೆ. ಒಳಗೆ ಒತ್ತುವುದಕ್ಕೆ ಏನೂ ಉಳಿದಿಲ್ಲ. ಇನ್ನು ಬಿಚ್ಚುವುದೇ.

ಜನವರಿ 18

ವಾಲ್ವನ್ನು ಪೂರ್ತಿ ಮುಚ್ಚಿ ನಟ್ ಸಡಿಲಿಸಿದೆ. ನೀರು ಮುಖಕ್ಕೇ ಚಿಮ್ಮಿತು. ಗೇಟ್ ಮುಚ್ಚಿದರೂ ಟ್ಯಾಂಕಿನ ಕಡೆಯ ಒತ್ತಡ ಅದರ ಪಕ್ಕದಿಂದ ನುಸುಳಿ ಬಾನೆಟ್ಟಿನ ಒಳಗೆ ನಿಲ್ಲುತ್ತದೆ. ಮುಚ್ಚಿದ ವಾಲ್ವ್ ತನ್ನ ಗ್ಲ್ಯಾಂಡನ್ನು ತಾನೇ ಕಾಯುವುದಿಲ್ಲ. ಗುಡ್ಡ ಹತ್ತಿ ಟ್ಯಾಂಕಿನ ಬಾಯಿಯ ಬಾಲ್ ವಾಲ್ವ್ ಮುಚ್ಚಿ, ಪೈಪಿನ ನೀರನ್ನು ತೋಟಕ್ಕೆ ಬಿಟ್ಟು ಖಾಲಿ ಮಾಡಿ, ಆಮೇಲೆ ಬಿಚ್ಚಿದೆ.

ಚಕ್ರ, ನಟ್, ಅದರ ಕೆಳಗಿನ ಗ್ಲ್ಯಾಂಡ್ ಬುಷ್ ಸುಲಭವಾಗಿ ಬಂದವು. ಪ್ಯಾಕಿಂಗ್ ಮಾತ್ರ ಒಣಗಿ ಹುರಿಗಡಲೆಯಂತೆ ಪುಡಿಯಾಗುತ್ತಿತ್ತು. ಸೈಕಲ್ ಕಡ್ಡಿಯ ತುದಿ ಬಗ್ಗಿಸಿ ಕೊಕ್ಕೆ ಮಾಡಿಕೊಂಡು, ಸ್ಪಿಂಡಲ್‌ಗೆ ತಾಗದಂತೆ ಗೋಡೆಯ ಬದಿಯಿಂದ ಕಿತ್ತೆ. ಹಳೆಯ ವಾಲ್ವಿನಲ್ಲಿ ಆಸ್ಬೆಸ್ಟಾಸ್ ಇರಬಹುದೆಂಬ ಭಯದಿಂದ ಪುಡಿಯನ್ನು ಒದ್ದೆ ಮಾಡಿಕೊಂಡೇ ತೆಗೆದೆ. ಮುಗಿಯಿತೆಂದುಕೊಂಡು ಟಾರ್ಚ್ ಹಾಕಿದರೆ ತಳದಲ್ಲಿ ಇನ್ನೂ ಒಂದು ಸುತ್ತು ಕೂತಿತ್ತು. ಅದರ ಮೇಲೆ ಹೊಸದನ್ನು ತುಂಬಿದ್ದರೆ ಅಡಿಪಾಯವೇ ಪೊಳ್ಳು.

ಸ್ಪಿಂಡಲ್ ಮೇಲೆ ಹಸಿರು ಕಿಲುಬು, ಜೊತೆಗೆ ಉದ್ದಕ್ಕೆ ಒಂದು ಸಣ್ಣ ಗೀರು. ಸುತ್ತಿನ ಗೀರಿಗಿಂತ ಉದ್ದದ ಗೀರು ಕೆಟ್ಟದ್ದು, ಅದು ನೀರಿಗೆ ಕಾಲುವೆಯಾಗುತ್ತದೆ. 600ರ ಎಮರಿ ಕಾಗದದ ಪಟ್ಟಿಯನ್ನು ಸ್ಪಿಂಡಲ್‌ಗೆ ಸುತ್ತಿ, ಉಗುರಿಗೆ ಸಿಗದಷ್ಟಾಗುವವರೆಗೆ ಉಜ್ಜಿದೆ.

ಅಳತೆ: ಸ್ಪಿಂಡಲ್ 12 ಮಿ.ಮೀ., ಪ್ಯಾಕಿಂಗ್ ಕೂರುವ ಗುಂಡಿಯ ಅಗಲ 22. ವ್ಯತ್ಯಾಸದ ಅರ್ಧ, 5 ಮಿ.ಮೀ. ದಪ್ಪದ ಗ್ರಾಫೈಟ್ ಹಗ್ಗ ಬೇಕು. ಗುಂಡಿಯ ಆಳ 20.

ಜನವರಿ 19

ಮೊದಲ ಅಂಗಡಿಯಲ್ಲಿ 6 ಮಿ.ಮೀ. ಹಗ್ಗ ಮಾತ್ರ ಇತ್ತು. ‘ಸುತ್ತಿಗೆಯಲ್ಲಿ ಬಡಿದು ತೆಳ್ಳಗೆ ಮಾಡಿಕೊಳ್ಳಿ ಸರ್’ ಎಂದರು. ಬಡಿದೆ; ಹೆಣಿಗೆ ಬಿರಿದು ಗ್ರಾಫೈಟ್ ಹಿಟ್ಟಿನಂತೆ ಉದುರಿತು. ಇನ್ನೊಂದು ಅಂಗಡಿಯಲ್ಲಿ 5 ಸಿಕ್ಕಿತು.

ನಮ್ಮೂರಿನ ಪ್ಲಂಬರ್ ಹಗ್ಗವನ್ನು ಸುರುಳಿಯಾಗಿ ಸುತ್ತಿ ತುರುಕಿಬಿಡುತ್ತಾರೆ. ತುರ್ತಿಗೆ ಅದು ನಡೆಯುತ್ತದೆ, ಆದರೆ ಆ ಸುರುಳಿಯೇ ನೀರು ಮೇಲೇರುವ ದಾರಿ. ನಾನು ಬಿಡಿ ಉಂಗುರ ಮಾಡಿದೆ. 12 ಮಿ.ಮೀ. ಡ್ರಿಲ್ ಬಿಟ್‌ನ ನುಣುಪು ಬುಡಕ್ಕೆ ಹಗ್ಗವನ್ನು ಎಳೆಯದೆ ಐದು ಸುತ್ತು ಸುತ್ತಿ, ಬ್ಲೇಡಿನಲ್ಲಿ ಓರೆಯಾಗಿ ಕತ್ತರಿಸಿದೆ. ಒಂದೊಂದೂ ಸುಮಾರು 53 ಮಿ.ಮೀ. ಉದ್ದ. ತುದಿಗಳು ಒಂದರ ಮೇಲೊಂದು ಮಲಗಬೇಕು, ನಡುವೆ ಸಂದು ಇರಬಾರದು.

ಉಂಗುರವನ್ನು ಸ್ಪಿಂಡಲ್‌ಗೆ ತೊಡಿಸುವಾಗ ಅಗಲಕ್ಕೆ ಹಿಗ್ಗಿಸದೆ, ತುದಿಗಳನ್ನು ಮೇಲೆ-ಕೆಳಗೆ ತಿರುಚಿ ತೆರೆದೆ. ಒಂದೊಂದನ್ನೂ ಸ್ಪಿಂಡಲ್ ಮೇಲೆ ಜಾರುವ ಪೈಪಿನ ತುಂಡಿನಿಂದ ತಳಕ್ಕೆ ಒತ್ತಿ, ಮುಂದಿನದರ ಸೇರಿಕೆಯನ್ನು ಕಾಲು ಸುತ್ತು ಸರಿಸಿ ಕೂರಿಸಿದೆ. ನಾಲ್ಕು ಉಂಗುರ ಒತ್ತಿದ ಮೇಲೆ 16 ಮಿ.ಮೀ. ಎತ್ತರಕ್ಕೆ ಬಂದವು; ಬುಷ್ 4 ಮಿ.ಮೀ. ಒಳಗೆ ಹೋಯಿತು. ಐದನೆಯದು ಹಾಕಿದ್ದರೆ ಬುಷ್ ಹೊರಗೇ ಓರೆಯಾಗಿ ನಿಲ್ಲುತ್ತಿತ್ತು.

ನಟ್ ಕೈಯಿಂದ ಬಿಗಿ, ಆಮೇಲೆ ಸ್ಪ್ಯಾನರ್‌ನಲ್ಲಿ ಕಾಲು ಸುತ್ತು. ಚಕ್ರ ತೊಡಿಸಿ ಐದು ಬಾರಿ ಪೂರ್ತಿ ತೆರೆದು ಮುಚ್ಚಿದೆ. ಉಂಗುರಗಳು ಕೂತು ನಟ್ ಮತ್ತೆ ಸಡಿಲವಾಯಿತು. ನೀರು ಬಿಟ್ಟಾಗ ನಿಮಿಷಕ್ಕೆ ಎರಡು ಹನಿ. ಅರೆಕಾಲು ಸುತ್ತಿಗೆ ಅದೂ ನಿಂತಿತು. ಇಲ್ಲಿ ಕೈ ತಡೆದುಕೊಳ್ಳಬೇಕು: ಚಕ್ರಕ್ಕೆ ಎರಡೂ ಕೈ ಬೇಕಾದರೆ ಬಿಗಿ ಅತಿಯಾಗಿದೆ ಎಂದರ್ಥ.

ಜನವರಿ 20

ಬೆಳಿಗ್ಗೆ ತುಟಿಯಲ್ಲಿ ತೇವ. ಇನ್ನೊಂದು ಅರೆಕಾಲು ಸುತ್ತು.

ಫೆಬ್ರವರಿ 16

ದಿನಕ್ಕೆರಡು ಬಾರಿ ತಿರುಗಿಸಿಯೂ ಒಣಗಿಯೇ ಇದೆ. ಉಳಿದ ಹಗ್ಗದಿಂದ ಪಂಪಿನ ಬಳಿಯ ವಾಲ್ವನ್ನೂ ಸರಿಪಡಿಸೋಣವೆಂದು ಬಿಚ್ಚಿದೆ. ಅದರ ಸ್ಪಿಂಡಲ್ ತುಂಬ ಉಗುರು ಸಿಕ್ಕಿಕೊಳ್ಳುವಷ್ಟು ಗುಳಿಗಳು. ಹೊಸ ಉಂಗುರ ಹಾಕಿದರೂ ಆ ಒರಟು ಅದನ್ನು ಬೇಗ ಅರೆದು ಹಾಕುತ್ತದೆ. ಸದ್ಯಕ್ಕೆ ಮೂರು ಉಂಗುರ ತುಂಬಿ ಮುಚ್ಚಿದ್ದೇನೆ. ಪೇಟೆಗೆ ಹೋದಾಗ ಹೊಸ ವಾಲ್ವ್ ತರಬೇಕು.