ವಾಷರ್ ಹಾಕಿದರೆ ಮುಗಿಯದ ಸೋರಿಕೆ: ಮನೆ ಓನರ್‌ಗೆ ಪತ್ರ

ಹಾಸನ, 12 ಜೂನ್ 2025, ಗುರುವಾರ

"ಫ್ಲಶ್ ಟ್ಯಾಂಕ್ ಸೋರ್ತಿದೆ, ಹೊಸದು ಹಾಕ್ಸಿಕೊಡಿ" ಎಂದಷ್ಟೇ ಬರೆದರೆ, "ಒಂದು ವಾಷರ್ ಹಾಕ್ಸ್ಕೊಳ್ಳಿ" ಅಂತ ಉತ್ತರ ಬರುತ್ತದೆ. ಮುಕ್ಕಾಲು ಪಾಲು ಆ ಉತ್ತರ ಸರಿಯೂ ಹೌದು. ಆದ್ದರಿಂದ ವಾಷರ್‌ನಲ್ಲಿ ಯಾಕೆ ಮುಗಿಯುವುದಿಲ್ಲ ಎಂಬುದು ಪತ್ರದಲ್ಲೇ ಇರಬೇಕು.

ಮೊದಲು ಟ್ಯಾಂಕಿನ ಮುಚ್ಚಳ ತೆಗೆದು ನೋಡುವುದು. ನೀರು ಓವರ್‌ಫ್ಲೋ ಪೈಪಿನ ಬಾಯಿ ದಾಟಿ ಇಳಿಯುತ್ತಿದ್ದರೆ ಫ್ಲೋಟ್ ವಾಲ್ವ್ ನಿಲ್ಲುತ್ತಿಲ್ಲ. ಮಟ್ಟ ಕೆಳಗಿದ್ದರೆ ಕೇಸರಿಬಾತಿಗೆ ಹಾಕುವ ಬಣ್ಣ ಚಿಟಿಕೆ ಕಲಕಿ, ಅರ್ಧ ಗಂಟೆ ಫ್ಲಶ್ ಮಾಡದೆ ಬಿಡಬೇಕು. ಕಮೋಡಿನಲ್ಲಿ ಬಣ್ಣ ಕಂಡರೆ ಫ್ಲಶ್ ವಾಲ್ವಿನ ರಬ್ಬರ್ ಸವೆದಿದೆ. ಇವೆರಡೂ ಬಿಡಿಭಾಗದ ಕೆಲಸ, ಹೊಸ ಟ್ಯಾಂಕ್ ಕೇಳುವಂತಿಲ್ಲ.

ಇಲ್ಲಿ ಎರಡೂ ಅಲ್ಲ. ಹೊರಮೈ ಒರೆಸಿ ಟಿಶ್ಯೂ ಒತ್ತಿದರೆ ಕೆಳಗಿನ ಬೋಲ್ಟ್ ತೂತಿನ ಪಕ್ಕವೇ ಒದ್ದೆಯಾಗುತ್ತದೆ, ಕೂದಲೆಳೆಯಂಥ ಬಿರುಕು. ಎಂ-ಸೀಲ್ ಮೆತ್ತಿದರೂ ಟ್ಯಾಂಕ್ ತುಂಬಿ ಖಾಲಿಯಾಗುವಾಗಲೆಲ್ಲ ಪ್ಲಾಸ್ಟಿಕ್ ಮಿಸುಕಿ ಅದು ಬಿಟ್ಟುಕೊಳ್ಳುತ್ತದೆ.

ಶವರಿಗೆ ಬಿಸಿನೀರು, ತಣ್ಣೀರು ಬೆರೆಸುವ ನಲ್ಲಿ, ಅಂದರೆ ಮಿಕ್ಸರ್‌ದೂ ಇದೇ ಕಥೆ. ತಿರುಗಿಸಿದಾಗ ನೀರು ನಿಲ್ಲಿಸುವ ಒಳಗಿನ ಸ್ಪಿಂಡಲ್ ಮಾತ್ರ ಸವೆದಿದ್ದರೆ ಸ್ಪಿಂಡಲ್ ಬದಲಿಸಿದರೆ ಸಾಕು. ಅದು ಕೂರುವ ಬಾಡಿಯ ಥ್ರೆಡ್ಡೇ ಹೋಗಿದ್ದರೆ ಹೊಸ ಸ್ಪಿಂಡಲ್ ತಿರುಗುತ್ತಲೇ ಇರುತ್ತದೆ, ಬಿಗಿಯಾಗುವುದಿಲ್ಲ.

ಪತ್ರ ಹೀಗೆ:

"ನಮಸ್ಕಾರ ಸರ್. ಮೊದಲನೇ ಮಹಡಿಯ ಬಾತ್‌ರೂಮಿನ ಫ್ಲಶ್ ಟ್ಯಾಂಕ್ ಬೋಲ್ಟ್ ತೂತಿನ ಹತ್ತಿರ ಬಿರುಕು ಬಿಟ್ಟಿದೆ. 20 ನಿಮಿಷಕ್ಕೆ ಒಂದು ಲೀಟರ್ ಮಗ್ ತುಂಬುತ್ತದೆ, ಅಂದರೆ ದಿನಕ್ಕೆ 72 ಲೀಟರ್. ಕೆಳಗಿನ ಮನೆಯ ಸೀಲಿಂಗಿಗೂ ತೇವ ಇಳಿಯಬಹುದು. ಶವರ್ ಮಿಕ್ಸರ್‌ನ ಬಿಸಿನೀರಿನ ಕಡೆ ಬಾಡಿಯ ಥ್ರೆಡ್ ಹೋಗಿರುವುದರಿಂದ ನಲ್ಲಿ ನಿಲ್ಲುತ್ತಿಲ್ಲ. ಮಿಕ್ಸರ್ ಗೋಡೆಯ ಹೊರಗಿದೆ, ಎರಡು ಕಾಲುಗಳ ನಡುವೆ 6 ಇಂಚು. ಅದೇ ಅಳತೆಯದು ತಂದರೆ ಟೈಲ್ಸ್ ಒಡೆಯಬೇಕಿಲ್ಲ. ಎರಡೂ ಹಳತಾಗಿ ಕೆಟ್ಟಿವೆ. ದಯವಿಟ್ಟು 15 ದಿನದೊಳಗೆ ಬದಲಿಸಿಕೊಡಿ. ಪ್ಲಂಬರ್ ಬರುವ ದಿನ ತಿಳಿಸಿದರೆ ಮನೆಯಲ್ಲಿರುತ್ತೇವೆ. ಫೋಟೊ, ವಿಡಿಯೊ ಜೊತೆಗಿವೆ."

6 ಇಂಚಿನ ಆ ಸಾಲು ಬಿಡಬಾರದು. ಗೋಡೆಯೊಳಗೆ ಹುದುಗಿದ ಡೈವರ್ಟರ್ ಆಗಿದ್ದರೆ ಟೈಲ್ಸ್ ಕೆಲಸವೂ ಸೇರಿ ಖರ್ಚು ಏರುತ್ತದೆ. ಓನರ್ ಹೆದರುವುದು ಅದಕ್ಕೇ.

ಪತ್ರಕ್ಕೆ ತಾರೀಖೂ ಮುಖ್ಯ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಮಿನ ಪ್ರಕಾರ, ಓನರ್ ಮಾಡಿಸಲೇಬೇಕಾದ ರಿಪೇರಿಯನ್ನು ನೋಟಿಸ್ ಕೊಟ್ಟ ಮೇಲೂ ಯುಕ್ತ ಸಮಯದಲ್ಲಿ ಮಾಡಿಸದಿದ್ದರೆ ಬಾಡಿಗೆದಾರ ತಾನೇ ಮಾಡಿಸಿ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಆದರೆ "ಮಾಡಿಸಲೇಬೇಕಾದ" ಎಂಬುದನ್ನು ತೀರ್ಮಾನಿಸುವುದು ಬಹುಮಟ್ಟಿಗೆ ಅಗ್ರಿಮೆಂಟು. "ಸಣ್ಣಪುಟ್ಟ ರಿಪೇರಿ ಬಾಡಿಗೆದಾರರದು" ಎಂದಿದ್ದರೆ ಮಿಕ್ಸರ್ ಸಣ್ಣದೋ ದೊಡ್ಡದೋ ಎಂಬ ಜಗಳ ಶುರು. ಹಾಗಾಗಿ ಕಾಯ್ದೆಯ ಮಾತನ್ನು ಮೊದಲ ಪತ್ರದಲ್ಲಿ ಎತ್ತದಿರುವುದೇ ವಾಸಿ. ವಾಟ್ಸಾಪಿನಲ್ಲಿ ಕಳಿಸಿ, ಒಂದು ಪ್ರತಿಗೆ ಓನರ್ ಕೈಯಲ್ಲಿ ಸಹಿ ಹಾಕಿಸಿಕೊಂಡರೆ ಸದ್ಯಕ್ಕೆ ಸಾಕು. ಬಿಚ್ಚಿದ ಹಳೆ ಮಿಕ್ಸರನ್ನು ಗುಜರಿಗೆ ಹಾಕದೆ ಅವರಿಗೇ ಕೊಡಬೇಕು. ಹಿತ್ತಾಳೆ ಅವರದು, ಕೆಟ್ಟ ಥ್ರೆಡ್ಡಿಗೆ ಸಾಕ್ಷಿಯೂ ಅದೇ.