55 ನಿಮಿಷ, ಆಮೇಲೆ 20

12 ಮಾರ್ಚ್ 2024, ಮಂಗಳವಾರ

ಮುಂದಿನ ವಾರದ ವೆಬಿನಾರ್‌ನ ಆಮಂತ್ರಣ ಮತ್ತು ನೋಂದಣಿ ಪುಟ ಬೆಳಿಗ್ಗೆ ನನ್ನ ಕೈಗೆ ಬಂತು. "ಸುಮ್ನೆ ಒಂದ್ಸಲ ಕಣ್ಣಾಡಿಸಿ, ಕಾಗುಣಿತ ಸರಿ ಇದ್ರೆ ಸಾಕು" ಅಂದಿದ್ದರು. ಕಾಗುಣಿತವೇನೋ ಸರಿಯಾಗೇ ಇತ್ತು.

ತಲೆಬರಹ: "ದತ್ತಾಂಶ ನಿರ್ವಹಣೆಯಲ್ಲಿ ಹೊಸ ದಿಗಂತಗಳು". ಅದರ ಕೆಳಗೆ ಪಾಠ ಮಾಡುವ ಮೇಡಂ ಬಗ್ಗೆ ಎಂಟು ಸಾಲು. ಆಮೇಲೆ "ಈ ವೆಬಿನಾರ್‌ನಲ್ಲಿ ಭಾಗವಹಿಸಿ ನಿಮ್ಮ ಕಾರ್ಯಕ್ಷಮತೆ ಹೆಚ್ಚಿಸಿಕೊಳ್ಳಿ" ಅಂತ ಒಂದು ಸಾಲು. ಎರಡು ಸಲ ಓದಿದೆ. ಏನು ಕಲಿಸುತ್ತಾರೆ ಅಂತ ಗೊತ್ತಾಗಲಿಲ್ಲ.

ಪುಟ ಬಿಟ್ಟು ಮೇಡಂ ಅವರ ಸ್ಲೈಡ್‌ಗಳನ್ನು ತೆರೆದೆ. ಅಲ್ಲಿ ಎಲ್ಲವೂ ಇತ್ತು! ತಿಂಗಳಿಗೊಂದರಂತೆ 12 ಎಕ್ಸೆಲ್ ಫೈಲ್‌ಗಳು ಒಂದು ಫೋಲ್ಡರ್‌ನಲ್ಲಿವೆ. ಅವನ್ನು ಎಕ್ಸೆಲ್‌ನಲ್ಲೇ ಇರುವ ಪವರ್ ಕ್ವೆರಿ ಅನ್ನೋ ಸಾಧನದಿಂದ ಒಂದೇ ಪಟ್ಟಿ ಮಾಡುವುದು, ಮುಂದಿನ ತಿಂಗಳ ಫೈಲ್ ಅದೇ ಫೋಲ್ಡರ್‌ಗೆ ಹಾಕಿ ರಿಫ್ರೆಶ್ ಒತ್ತಿದರೆ ಅದೂ ಸೇರಿಕೊಳ್ಳುವುದು. 14ನೇ ಸ್ಲೈಡ್ ಅಂತೂ ಚಿನ್ನ. ಒಂದು ಫೈಲ್‌ನಲ್ಲಿ ಕಾಲಂ ಹೆಸರು "ಮೊತ್ತ", ಇನ್ನೊಂದರಲ್ಲಿ "ಒಟ್ಟು ಮೊತ್ತ" ಅಂತಿದ್ದರೆ, ಆ ತಿಂಗಳ ಲೆಕ್ಕ ಪಟ್ಟಿಯಲ್ಲಿ ಖಾಲಿ ಬರುತ್ತದೆ. ಅದನ್ನು ಸರಿಮಾಡುವುದು ಹೇಗೆ ಅಂತ ತೋರಿಸುತ್ತಾರೆ. ಈ ಕೆಲಸದಲ್ಲಿ ಒದ್ದಾಡಿದವರು ಇದೊಂದಕ್ಕೇ ಬರುತ್ತಾರೆ. ಪುಟದಲ್ಲಿ ಮಾತ್ರ ಇದರ ಸುಳಿವೇ ಇಲ್ಲ.

ತಲೆಬರಹ ಬದಲಾಯಿಸಿದೆ: "12 ತಿಂಗಳ ಎಕ್ಸೆಲ್ ಫೈಲ್‌ಗಳನ್ನು ಕಾಪಿ-ಪೇಸ್ಟ್ ಇಲ್ಲದೆ ಒಂದೇ ಪಟ್ಟಿ ಮಾಡುವುದು". ಪವರ್ ಕ್ವೆರಿ ಅನ್ನೋ ಹೆಸರನ್ನು ಎರಡನೇ ಸಾಲಿಗೆ ಇಳಿಸಿದೆ. ಅದು ಬೇಕಾದವರಲ್ಲಿ ಎಷ್ಟೋ ಜನ ಆ ಹೆಸರೇ ಕೇಳಿರುವುದಿಲ್ಲ, ಆದರೆ ಕಾಪಿ-ಪೇಸ್ಟ್ ಕಷ್ಟ ಎಲ್ಲರಿಗೂ ಗೊತ್ತು. ಇ-ಮೇಲ್ ವಿಷಯದ ಸಾಲಿಗೂ ಇದನ್ನೇ ಹಾಕಿ, "ಆಹ್ವಾನ:" ಅನ್ನೋ ಪದ ಕಿತ್ತುಹಾಕಿದೆ. ಫೋನ್‌ನಲ್ಲಿ ಮೊದಲ ಕೆಲವು ಪದಗಳಷ್ಟೇ ಕಾಣೋದು, ಅದರಲ್ಲಿ ಒಂದನ್ನು ಆಹ್ವಾನಕ್ಕೆ ಯಾಕೆ ಕೊಡಬೇಕು?

"ಕಾರ್ಯಕ್ಷಮತೆ" ಇದ್ದ ಜಾಗದಲ್ಲಿ ಹೀಗೆ ಬರೆದೆ: "ಮುಗಿಯುವ ಹೊತ್ತಿಗೆ ಅಭ್ಯಾಸದ ಫೈಲ್‌ಗಳಿಂದ ನೀವೇ ಒಂದು ಪಟ್ಟಿ ಮಾಡಿರುತ್ತೀರಿ. ಕಾಲಂ ಹೆಸರು ಹೊಂದದೆ ಖಾಲಿ ಬಂದರೆ ಎಲ್ಲಿ ಸರಿಮಾಡಬೇಕು ಅಂತ ಗೊತ್ತಿರುತ್ತದೆ." ಯಾರಿಗಲ್ಲ ಅನ್ನುವುದನ್ನೂ ಸೇರಿಸಿದೆ: ಈಗಾಗಲೇ ಪವರ್ ಕ್ವೆರಿ ಬಳಸುವವರಿಗೆ ಇದರಲ್ಲಿ ಹೊಸದೇನೂ ಇಲ್ಲ. ಕಂಪ್ಯೂಟರ್ ವಿಂಡೋಸ್‌ನದಾಗಿರಬೇಕು, ಎಕ್ಸೆಲ್ 2016 ಅಥವಾ ಅದರ ನಂತರದ್ದಿರಬೇಕು ಅನ್ನುವುದೂ ಅಲ್ಲೇ. ಮೇಡಂ ಪರಿಚಯ ಎರಡು ಸಾಲಾಗಿ ಕೆಳಗೆ ಹೋಯಿತು. ಅವರೇನೂ ಬೇಜಾರು ಮಾಡಿಕೊಳ್ಳಲಿಲ್ಲ.

ಜಗಳವಾಗಿದ್ದು ಸಮಯದ ಬಗ್ಗೆ. ಪುಟದಲ್ಲಿ "ಒಂದು ಗಂಟೆ" ಅಂತಿತ್ತು. ಮೇಡಂ ಜೊತೆ ಕೂತು ಕೂಡಿಸಿದೆವು: ಪರಿಚಯ 10 ನಿಮಿಷ, ಮಾಡಿ ತೋರಿಸುವುದು 30, ಕಾಲಂ ಹೆಸರಿನ ತಾಪತ್ರಯ 15, ಪ್ರಶ್ನೆಗಳು 20. ಒಟ್ಟು 75.

"75 ಅಂತ ಬರೆದ್ರೆ ಯಾರೂ ಬರಲ್ಲ" ಅಂದರು ಮೇಡಂ.

"60 ಅಂತ ಬರೆದ್ರೆ ಬರ್ತಾರೆ ಮೇಡಂ, ಆದ್ರೆ ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಮುಗಿಯೋ ಮುಂಚೆ ಎದ್ದು ಹೋಗ್ತಾರೆ. ಅವರಿಗೆ ಇನ್ನೊಂದು ಮೀಟಿಂಗ್ ಇರುತ್ತೆ, ಅಲ್ವಾ?"

ಕೊನೆಗೆ ಒಪ್ಪಿದ ಸಾಲು: "ಪಾಠ 55 ನಿಮಿಷ. ಆಮೇಲೆ 20 ನಿಮಿಷ ಪ್ರಶ್ನೆಗಳು, ಇಷ್ಟವಿದ್ದವರು ಮಾತ್ರ ಇರಬಹುದು. ಅಭ್ಯಾಸದ ಫೈಲ್ ಇಳಿಸಿಕೊಳ್ಳಲು ಮೊದಲೇ 10 ನಿಮಿಷ ಬೇಕು." ಆ ಕೊನೆಯ 10 ನಿಮಿಷದ ಮಾತನ್ನು ಯಾರೂ ಎಲ್ಲೂ ಬರೆದೇ ಇರಲಿಲ್ಲ. ಫೈಲ್ ಇಲ್ಲದೆ ಬಂದವರು ಸುಮ್ನೆ ನೋಡುತ್ತಾ ಕೂರಬೇಕಾಗುತ್ತಿತ್ತು. ಗಂಟೆಯ ಪಕ್ಕದಲ್ಲಿ ಯಾವ ದೇಶದ ಸಮಯ ಅನ್ನುವುದೂ ಇರಲಿಲ್ಲ, ಅದನ್ನೂ ಹಾಕಿದೆ.

ಫಾರಂನಲ್ಲಿ ಒಂಬತ್ತು ಖಾನೆಗಳಿದ್ದವು. ಫೋನ್ ನಂಬರ್, ಹುದ್ದೆ, ಸಂಸ್ಥೆಯಲ್ಲಿ ಎಷ್ಟು ಜನ... ಇವನ್ನು ಯಾರು ನೋಡುತ್ತಾರೆ ಅಂತ ಕೇಳಿದರೆ ಯಾರೂ ಉತ್ತರ ಕೊಡಲಿಲ್ಲ. ಹೆಸರು, ಇ-ಮೇಲ್, "ನಿಮ್ಮ ಎಕ್ಸೆಲ್ ಯಾವುದು?" ಇಷ್ಟನ್ನು ಉಳಿಸಿದೆ.

ಮಧ್ಯಾಹ್ನ ಪಕ್ಕದ ಟೀಮಿನ ಹುಡುಗನಿಗೆ ಫೋನ್‌ನಲ್ಲಿ ಪುಟ ತೋರಿಸಿ, ಹತ್ತು ಸೆಕೆಂಡ್ ಆದ ಮೇಲೆ ಕಿತ್ತುಕೊಂಡೆ. ಏನು ಕಲಿಸ್ತಾರೆ, ಯಾರಿಗೆ, ಎಷ್ಟು ಹೊತ್ತು? ಮೊದಲೆರಡಕ್ಕೆ ಸರಿಯಾಗಿ ಹೇಳಿದ. ಮೂರನೆಯದಕ್ಕೆ "ಒಂದು ಗಂಟೆ ಇರಬೇಕು" ಅಂದ. ನೋಡಿದರೆ ಫೋನ್‌ನಲ್ಲಿ ಸಮಯದ ಸಾಲು ಫಾರಂನಿಂದಲೂ ಕೆಳಗೆ ಬಿದ್ದಿತ್ತು. ಅದನ್ನು ತಲೆಬರಹದ ಕೆಳಗೇ ತಂದೆ.

ಹೊರಡುವ ಮುಂಚೆ ನಾನೇ ನೋಂದಾಯಿಸಿ ನೋಡಿದೆ. ಖಚಿತಪಡಿಸುವ ಇ-ಮೇಲ್ ಬಂತು: "ಹೊಸ ದಿಗಂತಗಳು". ಜೊತೆಗಿದ್ದ ಕ್ಯಾಲೆಂಡರ್ ಫೈಲ್ ತೆರೆದರೆ ಸರಿಯಾಗಿ 60 ನಿಮಿಷ. ಮತ್ತೆ ಕೂತೆ.